ಆನ್‌ಲೈನ್ ಕೋರ್ಸಿಗೆ ಸಾಲ ಕೇಳಿದಾಗ: ಬೆಲೆ, ಸರ್ಟಿಫಿಕೇಟು ಮತ್ತು ಕಲಿಸುವವರ ಲೆಕ್ಕ



ಮೊದಲೆಲ್ಲ ಸಂಘದ ಸಭೆಯಲ್ಲಿ ಸಾಲದ ಅರ್ಜಿ ಅಂದರೆ ಹಸು, ಹೊಲಿಗೆ ಯಂತ್ರ, ಮನೆ ರಿಪೇರಿ, ಆಸ್ಪತ್ರೆ, ಮಕ್ಕಳ ಕಾಲೇಜು ಫೀಸು ಇಷ್ಟೇ ಇರುತ್ತಿತ್ತು. ಈಗ ಇನ್ನೊಂದು ಬಗೆಯ ಅರ್ಜಿ ಬರುತ್ತಿದೆ. "ಮಗಳಿಗೆ ಆನ್‌ಲೈನ್ ಕೋರ್ಸಿಗೆ ಸೇರಿಸಬೇಕು, ಮೂವತ್ತೈದು ಸಾವಿರ ಬೇಕು" ಅಂತ. ಹಸುವಿಗೆ ಸಾಲ ಕೇಳಿದರೆ ನಾವೆಲ್ಲ ಪ್ರಶ್ನೆ ಕೇಳುತ್ತೇವೆ. ಎಷ್ಟನೇ ಕರು, ಎಷ್ಟು ಲೀಟರ್ ಹಾಲು, ಮೇವು ಎಲ್ಲಿಂದ, ವಿಮೆ ಇದೆಯಾ, ಎಲ್ಲವನ್ನೂ. ಆದರೆ ಕೋರ್ಸಿನ ಅರ್ಜಿ ಬಂದಾಗ ಇಡೀ ಸಭೆ ಸುಮ್ಮನಾಗುತ್ತದೆ. ಓದಿದವರ ವಿಷಯ, ನಮಗೇನು ಗೊತ್ತು ಅನ್ನುವ ಸಂಕೋಚ. ಠರಾವು ಬರೆದು ಸಹಿ ಹಾಕಿ ಮುಗಿಸುತ್ತಾರೆ.

ಈ ಪಾಠದಲ್ಲಿ ನಾವು ಆ ಪ್ರಶ್ನೆಗಳನ್ನು ಕಲಿಯೋಣ. ಎಲ್ಲ ಕೋರ್ಸುಗಳ ವಿಷಯ ಹೇಳಲು ಹೋದರೆ ತಲೆ ತಿರುಗುತ್ತದೆ. ಹಾಗಾಗಿ ಒಂದೇ ಕೋರ್ಸನ್ನು ತೆಗೆದುಕೊಳ್ಳೋಣ. ನಮ್ಮ ಹಳ್ಳಿಗಳಲ್ಲಿ ಬಿ.ಕಾಂ. ಮುಗಿಸಿದ ಹುಡುಗಿಯರು ಹೆಚ್ಚಾಗಿ ಕೇಳುವುದು ಟ್ಯಾಲಿ ಮತ್ತು ಜಿಎಸ್‌ಟಿ ಕೋರ್ಸನ್ನು. ತಾಲೂಕಿನ ಆಡಿಟರ್ ಆಫೀಸಿನಲ್ಲೋ, ದೊಡ್ಡ ಅಂಗಡಿಯಲ್ಲೋ ಲೆಕ್ಕ ಬರೆಯುವ ಕೆಲಸಕ್ಕೆ ಇದು ಬೇಕು.

ಒಂದು ಮನೆಯ ಲೆಕ್ಕ

ಒಬ್ಬ ಸದಸ್ಯೆಯ ಮಗಳಿಗೆ ಫೋನ್ ಬರುತ್ತದೆ ಅಂತ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಒಂದು ಜಾಹೀರಾತನ್ನು ಒತ್ತಿ ತನ್ನ ನಂಬರ್ ಕೊಟ್ಟಿದ್ದಳು, ಅಷ್ಟೇ. ಮಾತಾಡುವವರು ತುಂಬಾ ವಿನಯದವರು. "ಕೋರ್ಸಿನ ಬೆಲೆ 60,000, ಇವತ್ತು ರಾತ್ರಿಯ ತನಕ ಮಾತ್ರ 36,000. ತಿಂಗಳಿಗೆ 3,000ದ ಹಾಗೆ ಹನ್ನೆರಡು ಕಂತು, ನೋ ಕಾಸ್ಟ್ ಇಎಂಐ, ಬಡ್ಡಿಯೇ ಇಲ್ಲ. ನಾಲ್ಕು ತಿಂಗಳ ತರಬೇತಿ, ಸರ್ಟಿಫಿಕೇಟ್, ಮೆಂಟರ್, ಕೆಲಸ ಹುಡುಕಲು ಸಹಾಯ, ಎಲ್ಲಾ ಇದೆ" ಎನ್ನುತ್ತಾರೆ. ಮೆಂಟರ್ ಎಂದರೆ ಪಾಠದ ಜೊತೆಗೆ ನಮ್ಮ ಸಂಶಯ ಬಿಡಿಸಿ, ನಾವು ಮಾಡಿದ ಕೆಲಸ ನೋಡಿ ತಿದ್ದುವವರು.

ಇಲ್ಲಿ ಮೊದಲು ನೋಡಬೇಕಾದ್ದು 60,000ವನ್ನು ಅಲ್ಲ. ಅದು ಯಾರೂ ಕೊಡದ ಬೆಲೆ. ಸಂತೆಯಲ್ಲಿ ಸೀರೆ ಮಾರುವವನು ಮೊದಲು ಹೇಳುವ ಬೆಲೆಯ ಹಾಗೆ. 36,000ದಲ್ಲಿ 18 ಶೇಕಡಾ ಜಿಎಸ್‌ಟಿ ಸೇರಿದೆಯೋ, ಮೇಲೆ ಬರುತ್ತದೋ ಎಂದು ಕೇಳಿ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿ: "ಕಂತು ಬೇಡ, ಒಟ್ಟಿಗೆ ಕಟ್ಟಿದರೆ ಎಷ್ಟು?" ಎಷ್ಟೋ ಸಲ ಬೆಲೆ ಇಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ "ಹಾಗಾದ್ರೆ 31,500 ಕೊಡಿ" ಅಂದರು ಅಂತ ಇಟ್ಟುಕೊಳ್ಳೋಣ.

ಈಗ ನೋಡಿ, ಬಡ್ಡಿ ಎಲ್ಲಿದೆ ಅಂತ ಸಿಕ್ಕಿಬಿಟ್ಟಿತು. ಕೈಯಲ್ಲಿ ಕೊಟ್ಟರೆ 31,500, ಕಂತಿನಲ್ಲಿ ಕೊಟ್ಟರೆ 36,000. ನಡುವಿನ 4,500 ರೂಪಾಯಿಯೇ ಬಡ್ಡಿ. ಪ್ರತಿ ತಿಂಗಳೂ ಅಸಲು ಕಡಿಮೆಯಾಗುತ್ತಾ ಹೋಗುವ ಲೆಕ್ಕದಲ್ಲಿ ಇದು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಗಿಂತ ಸ್ವಲ್ಪ ಹೆಚ್ಚಾಗುತ್ತದೆ, ವರ್ಷಕ್ಕೆ ಸುಮಾರು 25 ಶೇಕಡಾ. ಸಂಘದಿಂದಲೇ 31,500 ತೆಗೆದು ನೂರಕ್ಕೆ ಒಂದು ರೂಪಾಯಿ ಬಡ್ಡಿಯಲ್ಲಿ ಹನ್ನೆರಡು ತಿಂಗಳು ಸಮನಾಗಿ ಅಸಲು ತೀರಿಸಿದರೆ ಒಟ್ಟು ಬಡ್ಡಿ 2,048 ರೂಪಾಯಿ, ಅದೂ ಸಂಘಕ್ಕೇ ಬರುತ್ತದೆ. ಶೂನ್ಯ ಬಡ್ಡಿ ಅನ್ನುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಬಡ್ಡಿಯನ್ನು ಎಲ್ಲೋ ಒಂದು ಕಡೆ ಬಚ್ಚಿಟ್ಟಿರುತ್ತಾರೆ. ಒಟ್ಟಿಗೆ ಕಟ್ಟಿದರೂ ಅದೇ 36,000 ಎಂದರೆ, ಬಡ್ಡಿ ಮೊದಲೇ ಬೆಲೆಯೊಳಗೆ ಸೇರಿದೆ ಎಂದು ತಿಳಿಯಿರಿ.

ಹಾಗಂತ ಸಂಘದಿಂದ 31,500 ಕೊಟ್ಟುಬಿಡಿ ಎಂದು ನಾವು ಹೇಳುತ್ತಿಲ್ಲ. ಆ ದುಡ್ಡಿಗೆ ಏನು ಸಿಗುತ್ತದೆ ಅನ್ನುವುದನ್ನು ಇನ್ನೂ ನೋಡಿಲ್ಲವಲ್ಲ.

ಸರ್ಟಿಫಿಕೇಟು ಯಾರಿಗೆ ಬೇಕು?

"ಸಿಸ್ಟರ್, ಸರ್ಟಿಫಿಕೇಟ್ ಕೊಡ್ತಾರಂತೆ" ಎಂದು ತಾಯಂದಿರು ಹೇಳುವಾಗ ಮುಖದಲ್ಲಿ ಒಂದು ಸಮಾಧಾನ ಕಾಣುತ್ತದೆ. ಕಾಗದ ಕೈಗೆ ಬಂದರೆ ದುಡ್ಡು ದಂಡವಾಗಲಿಲ್ಲ ಅನ್ನುವ ಭಾವನೆ. ಇದು ತಪ್ಪಲ್ಲ, ಆದರೆ ಕಾಗದಗಳಲ್ಲಿ ಬಗೆಗಳಿವೆ.

ಒಂದು ಬಗೆಯ ಕಾಗದ, ಈ ಹುಡುಗಿ ವಿಡಿಯೋಗಳನ್ನು ಕೊನೆಯವರೆಗೆ ಓಡಿಸಿದ್ದಾಳೆ ಎಂದು ಮಾತ್ರ ಹೇಳುತ್ತದೆ. ನೋಡಿದಳೋ, ಮೊಬೈಲನ್ನು ಅಡುಗೆಮನೆಯಲ್ಲಿಟ್ಟು ದೋಸೆ ಹುಯ್ದಳೋ, ಅದಕ್ಕೆ ಗೊತ್ತಿಲ್ಲ. ಇನ್ನೊಂದು ಬಗೆಯದು ಪರೀಕ್ಷೆ ಬರೆದು ಪಡೆದದ್ದು. ಅದರಲ್ಲೂ ಮನೆಯಲ್ಲೇ ಪುಸ್ತಕ ಪಕ್ಕದಲ್ಲಿಟ್ಟು ಬರೆದ ಪರೀಕ್ಷೆ ಬೇರೆ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಗುರುತಿನ ಚೀಟಿ ತೋರಿಸಿ, ಮೇಲ್ವಿಚಾರಕರ ಎದುರು ಬರೆದ ಪರೀಕ್ಷೆ ಬೇರೆ. ಕೆಲಸ ಕೊಡುವವರು ಈ ವ್ಯತ್ಯಾಸವನ್ನು ಬಲ್ಲರು. ಆದ್ದರಿಂದ ಕೇಳಬೇಕಾದ್ದು "ಸರ್ಟಿಫಿಕೇಟ್ ಇದೆಯಾ" ಅಂತ ಅಲ್ಲ. "ಪರೀಕ್ಷೆ ಎಲ್ಲಿ, ಯಾರು ನಡೆಸುತ್ತಾರೆ, ಫೇಲಾದವರಿಗೂ ಕಾಗದ ಸಿಗುತ್ತದಾ?" ಅಂತ. ಎಲ್ಲರಿಗೂ ಸಿಗುತ್ತದೆ ಎಂದರೆ ಅದು ಮೊದಲ ಬಗೆಯದು.

ಕಾಗದದ ಮೇಲಿನ ಮುದ್ರೆಗಳನ್ನು ನೋಡಿಯೂ ಮೋಸಹೋಗುವವರಿದ್ದಾರೆ. "ಐಎಸ್‌ಒ ಪ್ರಮಾಣಿತ ಸಂಸ್ಥೆ" ಎಂದು ಹಾಕಿರುತ್ತಾರೆ. ಅದು ಆ ಆಫೀಸಿನ ಕೆಲಸ ಕ್ರಮಬದ್ಧವಾಗಿ ನಡೆಯುತ್ತದೆ ಎಂಬುದಕ್ಕೆ ಸಿಗುವ ಪ್ರಮಾಣ, ಪಾಠ ಒಳ್ಳೆಯದು ಎಂಬುದಕ್ಕಲ್ಲ. "ಭಾರತ ಸರ್ಕಾರದ ಎಂಎಸ್‌ಎಂಇ ನೋಂದಣಿ" ಎಂದು ಅಶೋಕಸ್ತಂಭದ ಪಕ್ಕದಲ್ಲಿ ಬರೆದಿರುತ್ತಾರೆ. ನಮ್ಮ ಸಂಘದ ಸದಸ್ಯೆ ಹಪ್ಪಳದ ಘಟಕಕ್ಕೆ ಉದ್ಯಮ್ ನೋಂದಣಿ ಮಾಡಿಸುತ್ತಾಳಲ್ಲ, ಅದೇ ಇದು. ವ್ಯಾಪಾರ ಇದೆ ಎಂದು ತೋರಿಸುತ್ತದೆಯೇ ಹೊರತು, ಕೋರ್ಸನ್ನು ಸರ್ಕಾರ ಒಪ್ಪಿದೆ ಎಂದಲ್ಲ.

ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆಗೆ ಒಂದು ಬೆಳಗ್ಗೆ ಸಾಕು. ತಾಲೂಕಿನಲ್ಲಿ ಎರಡು ಆಡಿಟರ್ ಆಫೀಸು, ಒಂದು ಹಾರ್ಡ್‌ವೇರ್ ಅಥವಾ ಜವಳಿ ಅಂಗಡಿ, ಮೂರು ಕಡೆ ತಾಯಿ ಮಗಳು ಹೋಗಿ ಕೇಳಲಿ: "ಕೆಲಸಕ್ಕೆ ಹುಡುಗಿಯನ್ನು ತೆಗೆದುಕೊಳ್ಳುವಾಗ ಏನು ನೋಡ್ತೀರಿ? ಈ ಸಂಸ್ಥೆಯ ಸರ್ಟಿಫಿಕೇಟ್ ಇದ್ದರೆ ಸಂಬಳ ಹೆಚ್ಚು ಕೊಡ್ತೀರಾ? ಮೊದಲ ವರ್ಷ ಎಷ್ಟು ಕೊಡ್ತೀರಿ?" ಇಂಥ ಕಡೆ ಸಾಮಾನ್ಯವಾಗಿ ಬಿ.ಕಾಂ. ಆಗಿದೆಯಾ ಎಂದು ಕೇಳುತ್ತಾರೆ. ಆಮೇಲೆ ಹುಡುಗಿಯನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಹತ್ತು ಬಿಲ್ಲು ಕೊಟ್ಟು ಎಂಟ್ರಿ ಹಾಕು ಅನ್ನುತ್ತಾರೆ. ಬ್ಯಾಂಕಿನ ಸ್ಟೇಟ್‌ಮೆಂಟಿಗೂ ಪುಸ್ತಕಕ್ಕೂ ತಾಳೆ ನೋಡು ಅನ್ನುತ್ತಾರೆ. ಅಲ್ಲಿ ಕಾಗದ ಮಾತಾಡುವುದಿಲ್ಲ, ಕೈ ಮಾತಾಡುತ್ತದೆ. ಆರಂಭದ ಸಂಬಳ 9,000 ಎಂದು ಹೇಳಿದರು ಅಂತ ಇಟ್ಟುಕೊಂಡರೆ, 36,000 ಎಂದರೆ ನಾಲ್ಕು ತಿಂಗಳ ಪೂರ್ತಿ ಸಂಬಳ. ಆ ಕಾಗದವಿಲ್ಲದೆಯೂ ಅದೇ ಕೆಲಸ, ಅದೇ 9,000 ಸಿಗುವುದಾದರೆ ಕಾಗದದ ಬೆಲೆ ಎಷ್ಟೆಂದು ನೀವೇ ಹೇಳಿ.

ಇನ್ನು "ಕೆಲಸ ಹುಡುಕಲು ಸಹಾಯ" ಎಂಬುದು. ಸಹಾಯ ಬೇರೆ, ಖಾತರಿ ಬೇರೆ. ಅರ್ಜಿ ಬರೆಯುವುದು ಹೇಗೆ ಎಂದು ಒಂದು ವಿಡಿಯೋ ಕಳಿಸಿದರೂ ಅದು ಸಹಾಯವೇ. ಬೆಂಗಳೂರಿನ ಕೆಲಸಗಳ ಪಟ್ಟಿ ಕಳಿಸಿದರೂ ಸಹಾಯವೇ. ನಿಮ್ಮ ಮಗಳು ಊರಲ್ಲೇ ಇರಬೇಕು ಎಂದಾದರೆ ಆ ಪಟ್ಟಿಯಿಂದ ಏನು ಪ್ರಯೋಜನ?

ಮೆಂಟರ್ ಎಷ್ಟು ಗಂಟೆ ಸಿಗುತ್ತಾರೆ?

ಕೋರ್ಸಿನ ಬೆಲೆಯಲ್ಲಿ ನಿಜವಾಗಿ ದುಡ್ಡು ಕೊಡಬೇಕಾದ ಸಂಗತಿ ಒಂದಿದ್ದರೆ ಅದು ಇದೇ ಎಂದು ನಮ್ಮ ಅಭಿಪ್ರಾಯ. ಯಾಕೆಂದು ಸ್ವಲ್ಪ ವಿವರಿಸುತ್ತೇವೆ.

ನಿಮ್ಮ ಸಂಘದ ಪುಸ್ತಕ ಬರೆಯುವವಳನ್ನು ನೆನಪು ಮಾಡಿಕೊಳ್ಳಿ. ಸಾಲದ ಕಂತನ್ನು ಉಳಿತಾಯದ ಕಾಲಮ್ಮಿಗೆ ಬರೆದಳು ಅಂತ ಇಟ್ಟುಕೊಳ್ಳಿ. ನಗದು ಮೊತ್ತ ಸರಿಯಾಗೇ ಇರುತ್ತದೆ, ಪೆಟ್ಟಿಗೆಯಲ್ಲಿರುವ ದುಡ್ಡಿಗೂ ತಾಳೆಯಾಗುತ್ತದೆ. ಆದರೆ ಲೆಕ್ಕ ತಪ್ಪು. ಕಾರ್ಯಕರ್ತೆ ಬಂದು ಪುಸ್ತಕ ನೋಡಿದಾಗಷ್ಟೇ ಗೊತ್ತಾಗುತ್ತದೆ. ಟ್ಯಾಲಿಯಲ್ಲೂ ಹೀಗೇ. ನಮ್ಮ ರಾಜ್ಯದ ಅಂಗಡಿ ಕೇರಳದ ವ್ಯಾಪಾರಿಯಿಂದ ಸಾಮಾನು ತಂದರೆ ಬಿಲ್ಲಿನಲ್ಲಿ ಐಜಿಎಸ್‌ಟಿ ಎಂದು 18 ಶೇಕಡಾ ಇರುತ್ತದೆ. ನಮ್ಮ ರಾಜ್ಯದೊಳಗೇ ತಂದರೆ ಸಿಜಿಎಸ್‌ಟಿ 9, ಎಸ್‌ಜಿಎಸ್‌ಟಿ 9 ಎಂದು ಎರಡು ಭಾಗ. ಕಲಿಯುವ ಹುಡುಗಿ ಕೇರಳದ ಬಿಲ್ಲನ್ನೂ 9, 9 ಎಂದು ಹಾಕಿದರೆ ಒಟ್ಟು ಮೊತ್ತ ಒಂದು ಪೈಸೆಯೂ ವ್ಯತ್ಯಾಸವಾಗುವುದಿಲ್ಲ. ಎರಡೂ ಕಡೆ ಸಮ. ಆದರೆ ತೆರಿಗೆ ತಪ್ಪು ತಲೆಯಡಿ ಹೋಯಿತು, ರಿಟರ್ನ್ ಹಾಕುವಾಗ ಆಫೀಸಿನವರು ತಲೆ ಕೆರೆದುಕೊಳ್ಳಬೇಕು. ಅಂಗಡಿಗೆ ಫ್ರಿಜ್ಜು ತಂದದ್ದನ್ನು ಆ ತಿಂಗಳ ಖರ್ಚು ಎಂದು ಬರೆದರೂ ಹಾಗೇ, ಮೊತ್ತ ಕೂಡುತ್ತದೆ, ಲಾಭದ ಲೆಕ್ಕ ಸುಳ್ಳಾಗುತ್ತದೆ.

ವಿಡಿಯೋ ಈ ತಪ್ಪನ್ನು ಹಿಡಿಯುವುದಿಲ್ಲ. ಅದು ಸರಿಯಾದ ರೀತಿ ತೋರಿಸಿ ಮುಂದೆ ಹೋಗುತ್ತದೆ. ನಾವು ಬರೆದದ್ದನ್ನು ಕಣ್ಣಿಟ್ಟು ನೋಡಿ "ಇಲ್ಲಿ ನೋಡಮ್ಮಾ" ಎನ್ನುವ ಮನುಷ್ಯರು ಬೇಕು. ಆದ್ದರಿಂದ ಮೆಂಟರ್ ಇದ್ದಾರೆ ಎಂದ ತಕ್ಷಣ ಲೆಕ್ಕ ಕೇಳಬೇಕು: ಒಬ್ಬರಿಗೆ ಎಷ್ಟು ಜನ ವಿದ್ಯಾರ್ಥಿಗಳು? ಒಬ್ಬಳೇ ಕೂತು ಮಾತಾಡುವ ಸಮಯ ಒಟ್ಟು ಎಷ್ಟು ಗಂಟೆ? ಅವರು ಕನ್ನಡದಲ್ಲಿ ಮಾತಾಡುತ್ತಾರಾ? ನಾನು ಹಾಕಿದ ಎಂಟ್ರಿಗಳನ್ನು ತೆರೆದು ನೋಡುತ್ತಾರಾ, ಇಲ್ಲ ಬರೀ ಪ್ರಶ್ನೆಗೆ ಉತ್ತರ ಹೇಳುತ್ತಾರಾ?

ನಮ್ಮ ಉದಾಹರಣೆಯ ಕೋರ್ಸಿನಲ್ಲಿ ವಾರಕ್ಕೆ ಒಂದು ಗಂಟೆ ನೇರ ತರಗತಿ, ಅದರಲ್ಲಿ 150 ಜನ. ನಾಲ್ಕು ತಿಂಗಳಿಗೆ ಹದಿನಾರು ತರಗತಿ. ಸಂಶಯಕ್ಕೆ ಒಂದು ವಾಟ್ಸಾಪ್ ಗುಂಪು. ಒಬ್ಬೊಬ್ಬರೊಡನೆ ಮಾತಾಡಲು ಅರ್ಧ ಗಂಟೆಯ ಹಾಗೆ ನಾಲ್ಕು ಸಲ, ಅಂದರೆ ಇಡೀ ಕೋರ್ಸಿಗೆ ಎರಡು ಗಂಟೆ. ವಿಡಿಯೋ ಬೇರೆ ಕಡೆ ಪುಕ್ಕಟೆ ಸಿಗುತ್ತದೆ, ಕಾಗದಕ್ಕೆ ಊರಿನಲ್ಲಿ ಬೆಲೆಯಿಲ್ಲ ಎಂದಾದರೆ ಉಳಿದದ್ದು ಇಷ್ಟೇ. ಹದಿನಾರು ಗುಂಪು ತರಗತಿಗೆ ಟ್ಯೂಷನ್ನಿನ ಹಾಗೆ ನೂರು ರೂಪಾಯಿ ಹಿಡಿದರೂ 1,600. 31,500ರಲ್ಲಿ ಅದನ್ನು ಕಳೆದರೆ ಸುಮಾರು 30,000 ರೂಪಾಯಿ ಆ ಎರಡು ಗಂಟೆಗೆ! ಈ ಲೆಕ್ಕವನ್ನು ಸಭೆಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು ನೋಡಿ.

ಹೀಗಿಲ್ಲದ ಕೋರ್ಸುಗಳೂ ಇವೆ, ಅದನ್ನೂ ಹೇಳಬೇಕು. ಹತ್ತು ಹನ್ನೆರಡು ಜನರ ಗುಂಪು ಮಾಡಿ, ಪ್ರತಿ ವಾರ ಕೆಲಸ ಕೊಟ್ಟು, ತಿದ್ದಿ ವಾಪಸ್ಸು ಕೊಡುವವರಿದ್ದಾರೆ. ಅಂಥದ್ದಕ್ಕೆ ಎಂಟು ಹತ್ತು ಸಾವಿರ ಕೊಟ್ಟರೆ ನಾವು ಬೇಡ ಎನ್ನುವುದಿಲ್ಲ. ಗುರುತಿಸುವುದು ಹೇಗೆ? ದುಡ್ಡು ಕಟ್ಟುವ ಮೊದಲು ಒಂದು ತರಗತಿಯಲ್ಲಿ ಕೂರಲು ಬಿಡಿ ಎಂದು ಕೇಳಿ. ಈಗ ಕಲಿಯುತ್ತಿರುವ ಒಬ್ಬಳ ಜೊತೆ, ಅವರೇ ಆರಿಸಿ ಕೊಟ್ಟವಳಲ್ಲ, ನೀವು ತರಗತಿಯಲ್ಲಿ ಕಂಡವಳ ಜೊತೆ ಮಾತಾಡಿ. "ಕೊನೆಯ ಸಲ ನಿನ್ನ ಕೆಲಸ ತಿದ್ದಿ ಕೊಟ್ಟದ್ದು ಯಾವಾಗ?" ಎಂದು ಅವಳನ್ನು ಕೇಳಿ.

ಪುಕ್ಕಟೆ ಸಿಗುವುದು ಏನೇನು?

ಟ್ಯಾಲಿಯನ್ನೇ ತೆಗೆದುಕೊಳ್ಳಿ. ಟ್ಯಾಲಿಪ್ರೈಮ್ ತಂತ್ರಾಂಶವನ್ನು ಕಂಪನಿಯ ತಾಣದಿಂದಲೇ ಇಳಿಸಿಕೊಂಡು, ಲೈಸೆನ್ಸ್ ಕೊಳ್ಳದೆ ಎಜುಕೇಷನಲ್ ಮೋಡ್‌ನಲ್ಲಿ ಕಲಿಯಬಹುದು. ಒಂದು ಮಿತಿ ಇದೆ. ತಿಂಗಳ 1, 2 ಮತ್ತು ಕೊನೆಯ ದಿನ, ಈ ತಾರೀಕುಗಳಿಗೆ ಮಾತ್ರ ಎಂಟ್ರಿ ಹಾಕಲು ಬಿಡುತ್ತದೆ. ಅಂಗಡಿಯ ನಿಜವಾದ ಲೆಕ್ಕಕ್ಕೆ ಇದು ಆಗದು, ಕಲಿಯಲು ಧಾರಾಳ ಸಾಕು. ಐದನೇ ತಾರೀಕಿನ ಬಿಲ್ಲನ್ನೂ ಒಂದನೇ ತಾರೀಕಿಗೆ ಹಾಕಿ ಅಭ್ಯಾಸ ಮಾಡಿದರಾಯಿತು. ಇದು ಗೊತ್ತಿಲ್ಲದೆ "ಹಾಳಾದ ಕಾಪಿ ಕೊಟ್ಟಿದ್ದಾರೆ" ಎಂದುಕೊಂಡು ಕಳ್ಳ ಪ್ರತಿ ಹಾಕಿಸಿಕೊಳ್ಳುವ ಮಕ್ಕಳಿದ್ದಾರೆ. ಅದು ಬೇಡ, ವೈರಸ್ ಬರುತ್ತದೆ. ಇನ್ನೊಂದು ಮಾತು, ಇದನ್ನು ಕಲಿಯಲು ಕಂಪ್ಯೂಟರೇ ಬೇಕು, ಮೊಬೈಲಿನಲ್ಲಿ ಆಗುವುದಿಲ್ಲ. ಆನ್‌ಲೈನ್ ಕೋರ್ಸಿನವರು ಫೋನಿನಲ್ಲಿ ಹೇಳದೆ ಬಿಡುವ ಖರ್ಚು ಇದು. ಕೋರ್ಸಿಗೆ 36,000 ಕೊಟ್ಟ ಮೇಲೆ ಲ್ಯಾಪ್‌ಟಾಪ್ ಇಲ್ಲವೆಂದು ಪಾಠ ನಿಲ್ಲಬಾರದಲ್ಲ.

ಎಕ್ಸೆಲ್ ಥರದ ಲೆಕ್ಕದ ಹಾಳೆ ಕಲಿಯಲು ಮುಂಬೈ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಇದೆ. ತಾಣ spoken-tutorial.org. ಹತ್ತು ನಿಮಿಷದ ಆಸುಪಾಸಿನ ಚಿಕ್ಕ ಚಿಕ್ಕ ಪಾಠಗಳು, ಲಿಬ್ರೆ ಆಫೀಸ್ ಕ್ಯಾಲ್ಕ್ ಎಂಬ ಉಚಿತ ತಂತ್ರಾಂಶದ ಮೇಲೆ, ಕನ್ನಡ ಧ್ವನಿಯಲ್ಲೂ ಇವೆ. ಒಂದು ಕಿಟಕಿಯಲ್ಲಿ ಪಾಠ, ಪಕ್ಕದಲ್ಲಿ ತನ್ನ ಕೆಲಸ, ಹೀಗೆ ನಿಲ್ಲಿಸಿ ನಿಲ್ಲಿಸಿ ಕಲಿಯಲು ಮಾಡಿದ್ದು.

ಸರ್ಟಿಫಿಕೇಟು ಬೇಕೇ ಬೇಕು ಎನ್ನುವವರಿಗೆ ಸರ್ಕಾರದ ಸ್ವಯಂ ತಾಣವಿದೆ, swayam.gov.in. ಇದು 2017ರಲ್ಲಿ ಶುರುವಾಯಿತು. ಅದರಲ್ಲಿ ಐಐಟಿಗಳ ಎನ್‌ಪಿಟಿಇಎಲ್ ಕೋರ್ಸುಗಳೂ ಸೇರಿವೆ, ಲೆಕ್ಕಶಾಸ್ತ್ರ, ಹಣಕಾಸಿನ ವಿಷಯಗಳೂ ಇವೆ. ಸೇರುವುದಕ್ಕೂ ಪಾಠಕ್ಕೂ ದುಡ್ಡಿಲ್ಲ. ಪರೀಕ್ಷೆ ಬರೆಯುವವರು ಮಾತ್ರ ಶುಲ್ಕ ಕಟ್ಟಬೇಕು, ಎನ್‌ಪಿಟಿಇಎಲ್‌ನಲ್ಲಿ ಅದು ಕೆಲವು ವರ್ಷಗಳಿಂದ ಒಂದು ಕೋರ್ಸಿಗೆ 1,000 ರೂಪಾಯಿ ಇದೆ, ಫಾರ್ಮ್ ತುಂಬುವಾಗ ಆ ಅವಧಿಯ ಶುಲ್ಕ ನೋಡಿಕೊಳ್ಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ರಿಯಾಯಿತಿ ಇದೆ. ಪ್ರತಿ ವಾರದ ಮನೆಗೆಲಸಕ್ಕೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬಂದರೆ ಪಾಸು. ಸರ್ಟಿಫಿಕೇಟಿನ ಮೇಲೆ ಕ್ಯೂಆರ್ ಕೋಡ್ ಇರುತ್ತದೆ, ಕೆಲಸ ಕೊಡುವವರು ಫೋನಿನಿಂದಲೇ ಅಸಲಿಯೋ ನಕಲಿಯೋ ನೋಡಬಹುದು. ಸಾವಿರ ರೂಪಾಯಿಯ ಈ ಕಾಗದ ಮೂವತ್ತಾರು ಸಾವಿರದ ಕಾಗದಕ್ಕಿಂತ ಗಟ್ಟಿ, ಏಕೆಂದರೆ ಇದರ ಹಿಂದೆ ಪರೀಕ್ಷೆ ಇದೆ.

ಆದರೆ ಇದರ ಕೊರತೆಯನ್ನೂ ಮುಚ್ಚಿಡಬಾರದು. ಪಾಠ, ಪರೀಕ್ಷೆ ಹೆಚ್ಚಾಗಿ ಇಂಗ್ಲಿಷಿನಲ್ಲೇ. ಕೆಲವು ಕೋರ್ಸುಗಳಿಗೆ ಮಾತ್ರ ಕನ್ನಡದಲ್ಲಿ ಬರೆದ ಪಾಠ ಸಿಗುತ್ತದೆ. ಇವು ತತ್ವ ಕಲಿಸುತ್ತವೆ, ಟ್ಯಾಲಿಯ ಕೈಕೆಲಸವನ್ನಲ್ಲ. ಸಂಶಯ ಕೇಳಲು ಬರೆಯುವ ಜಾಗ ಇದೆ, ಉತ್ತರವೂ ಬರುತ್ತದೆ, ಆದರೆ ಪಕ್ಕದಲ್ಲಿ ಕೂತು ಹೇಳುವವರು ಇಲ್ಲ. ವಿದೇಶಿ ತಾಣಗಳಲ್ಲೂ ಬುಕ್‌ಕೀಪಿಂಗ್ ಕೋರ್ಸುಗಳಿವೆ, ಕೆಲವಲ್ಲಿ ಅರ್ಜಿ ಹಾಕಿದರೆ ಫೀಸು ಬಿಡುತ್ತಾರೆ. ಆದರೆ ಅಮೆರಿಕದ ತೆರಿಗೆ ಕಲಿತು ಬಂದವಳಿಗೆ ನಮ್ಮ ಜಿಎಸ್‌ಟಿ ಬರುವುದಿಲ್ಲ!

ಇನ್ನೂ ಒಂದನ್ನು ನಮ್ಮವರು ಮರೆತೇಬಿಡುತ್ತಾರೆ, ಅದು ಆನ್‌ಲೈನ್ ಅಲ್ಲ ಎಂಬ ಕಾರಣಕ್ಕೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿಯ ಮಾದರಿಯಲ್ಲಿ ಈಗ ಜಿಲ್ಲೆ ಜಿಲ್ಲೆಯಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ ತರಬೇತಿ ಕೇಂದ್ರಗಳಿವೆ. ಗ್ರಾಮೀಣ ಯುವಕ ಯುವತಿಯರಿಗೆ ತರಬೇತಿ, ಊಟ, ವಸತಿ ಎಲ್ಲವೂ ಉಚಿತ. ಅವರ ತರಬೇತಿಗಳ ಪಟ್ಟಿಯಲ್ಲಿ ಕಂಪ್ಯೂಟರ್ ಲೆಕ್ಕಪತ್ರವೂ ಇದೆ. ನಿಮ್ಮ ಜಿಲ್ಲೆಯ ಕೇಂದ್ರದಲ್ಲಿ ಆ ಬ್ಯಾಚ್ ಯಾವಾಗ ಎಂದು ಫೋನ್ ಮಾಡಿ ಕೇಳಿ. ಕಲಿಸುವವರು ಎದುರೇ ಇರುತ್ತಾರೆ, ಕನ್ನಡದಲ್ಲೇ ಹೇಳುತ್ತಾರೆ. ಬ್ಯಾಚ್ ಸಿಕ್ಕಿದರೆ ಮುಂದಿನ ಲೆಕ್ಕವೇ ಬೇಡ.

ಬ್ಯಾಚ್ ಸಿಗದಿದ್ದರೆ ಹೀಗೆ ಮಾಡಬಹುದು. ಮೊದಲ ನಾಲ್ಕು ವಾರ ಒಂದು ರೂಪಾಯಿ ಕೋರ್ಸಿಗೆ ಕೊಡಬೇಡಿ. ಮಗಳು ದಿನಕ್ಕೆ ಒಂದು ಗಂಟೆ ಪುಕ್ಕಟೆ ಪಾಠ ನೋಡಿ, ತಾಯಿಯ ಸಂಘದ ಹಳೆಯ ಮೂರು ತಿಂಗಳ ಲೆಕ್ಕವನ್ನೇ ಟ್ಯಾಲಿಗೆ ಹಾಕಲಿ. ಪುಕ್ಕಟೆ ಪಾಠದ ದೊಡ್ಡ ರೋಗ ಎಂದರೆ ಅರ್ಧಕ್ಕೆ ಬಿಡುವುದು. ಎಷ್ಟೋ ಜನ ದುಡ್ಡು ಕೊಡುವುದು ಪಾಠಕ್ಕಲ್ಲ, ತಮ್ಮನ್ನು ತಾವು ಕಟ್ಟಿಹಾಕಿಕೊಳ್ಳುವುದಕ್ಕೆ. ಆದರೆ ನಾಲ್ಕು ವಾರ ಪುಕ್ಕಟೆ ಕೂರಲಾಗದವಳು ಸಾಲ ಮಾಡಿ ಸೇರಿದರೂ ಐದನೇ ವಾರ ಬಿಡಬಹುದು. ಆಗ ಕಂತು ಮಾತ್ರ ಬಿಡುವುದಿಲ್ಲ.

ನಾಲ್ಕು ವಾರ ನಿಂತಳು ಎಂದಾದರೆ ಮೆಂಟರನ್ನು ಊರಲ್ಲೇ ಹುಡುಕೋಣ. ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವ ಅನುಭವಸ್ಥೆ ಒಬ್ಬಳು ಭಾನುವಾರ ಒಂದು ಗಂಟೆ ಕೂತು ಅವಳ ಎಂಟ್ರಿಗಳನ್ನು ನೋಡಲಿ. ಗಂಟೆಗೆ 300 ಎಂದು ಮಾತಾಡಿದರೆ ಎಂಟು ಭಾನುವಾರಕ್ಕೆ 2,400. ಕಂಪ್ಯೂಟರ್ ಸೆಂಟರಿನಲ್ಲಿ ಅರವತ್ತು ಗಂಟೆ, ಗಂಟೆಗೆ 20ರ ಹಾಗೆ 1,200. ಮೂರು ತಿಂಗಳ ನೆಟ್ ರೀಚಾರ್ಜ್ 900. ಎನ್‌ಪಿಟಿಇಎಲ್ ಪರೀಕ್ಷೆ ಬರೆಯುವುದಾದರೆ ಶುಲ್ಕ, ಬಸ್ಸು ಸೇರಿ 1,200. ಒಟ್ಟು 5,700 ಆಯಿತು. ನಿಮ್ಮ ಊರಿನ ದರ ಬೇರೆ ಇರಬಹುದು, ನಿಮ್ಮ ದರ ಹಾಕಿಯೇ ಲೆಕ್ಕ ಮಾಡಿ. ಇಲ್ಲಿ ಒಬ್ಬರೇ ಕೂತು ತಿದ್ದುವ ಸಮಯ ಎಂಟು ಗಂಟೆ, ಅಲ್ಲಿ ಎರಡು. ಮೂರು ಹುಡುಗಿಯರು ಒಟ್ಟಿಗೆ ಕಲಿತರೆ ಭಾನುವಾರದ ಖರ್ಚನ್ನು ಹಂಚಿಕೊಳ್ಳಬಹುದು, ಒಬ್ಬಳು ಬಿಡಲು ಹೊರಟರೆ ಇಬ್ಬರು ಎಳೆದುಕೊಂಡು ಬರುತ್ತಾರೆ.

ಸಹಿ ಹಾಕುವ ಮೊದಲು

ಎಲ್ಲ ನೋಡಿ ದುಡ್ಡಿನ ಕೋರ್ಸೇ ಸರಿ ಎಂದು ತೀರ್ಮಾನಿಸಿದರೂ ಕಂತಿನ ಕಾಗದವನ್ನು ಓದದೆ ಒಪ್ಪಬೇಡಿ. ಇಲ್ಲಿ ಇಬ್ಬರು ಬೇರೆ ಬೇರೆ ಇದ್ದಾರೆ ಎಂಬುದು ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಪಾಠ ಹೇಳುವ ಕಂಪನಿ ಒಂದು, ಸಾಲ ಕೊಡುವ ಹಣಕಾಸು ಕಂಪನಿ ಇನ್ನೊಂದು. ನೀವು ಮೊಬೈಲಿನಲ್ಲಿ ಒಟಿಪಿ ಹೇಳಿದ ಕ್ಷಣ ಸಾಲದ ಕಂಪನಿ ಪಾಠದ ಕಂಪನಿಗೆ ದುಡ್ಡು ಕೊಟ್ಟು ಮುಗಿಸುತ್ತದೆ. ಆಮೇಲೆ ಪಾಠ ನಿಂತರೂ, ಮಗಳು ಬಿಟ್ಟರೂ, ಸಾಲ ನಿಮ್ಮ ತಲೆ ಮೇಲೆ. ಬ್ಯಾಂಕಿಗೆ ಹೋಗಿ ಖಾತೆಯಿಂದ ಕಂತು ಕಡಿತ ನಿಲ್ಲಿಸಿದರೆ ಸಾಲ ಹೋಗುವುದಿಲ್ಲ, ದಂಡ ಬೆಳೆಯುತ್ತದೆ, ಸಾಲದ ದಾಖಲೆ ಕೆಡುತ್ತದೆ. ಮುಂದೆ ಸಂಘದ ಬ್ಯಾಂಕ್ ಸಾಲಕ್ಕೆ ಆ ಸದಸ್ಯೆಯ ಹೆಸರು ಹಾಕುವಾಗ ತೊಂದರೆ ಬರುವುದು ಆಗಲೇ. ಖಾತೆಯಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೆ ಒಪ್ಪಬೇಡಿ ಎಂದು ಕೇಂದ್ರ ಶಿಕ್ಷಣ ಸಚಿವಾಲಯವೇ 2021ರ ಡಿಸೆಂಬರಿನಲ್ಲಿ ಇಂಥ ಕಂಪನಿಗಳ ವಿಷಯದಲ್ಲಿ ಎಚ್ಚರಿಸಿತ್ತು.

ಸಾಲದ ಮುಖ್ಯ ವಿವರಗಳ ಒಂದು ಹಾಳೆ, ಕೆಎಫ್‌ಎಸ್ ಎನ್ನುತ್ತಾರೆ, ಕೊಡಲೇಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. 2024ರ ಸುತ್ತೋಲೆಯ ಪ್ರಕಾರ ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ನಮ್ಮ ಹಕ್ಕು. ಅದರಲ್ಲಿ ಎಪಿಆರ್ ಎಂದು ವರ್ಷದ ಒಟ್ಟು ದರ ಬರೆದಿರುತ್ತದೆ, "ಬಡ್ಡಿಯಿಲ್ಲ" ಎಂದವರ ಮಾತು ಅಲ್ಲಿ ಪರೀಕ್ಷೆಯಾಗುತ್ತದೆ. ಮೊಬೈಲಿನ ಮೂಲಕ ಪಡೆದ ಸಾಲವನ್ನು ಬೇಡವೆಂದು ಹಿಂದಿರುಗಿಸಲು ಒಂದು ಅವಧಿ ಇರಬೇಕು ಎಂದೂ ನಿಯಮವಿದೆ. 2025ರ ನಿರ್ದೇಶನದಂತೆ ಅದು ಕನಿಷ್ಠ ಒಂದು ದಿನ, ಎಷ್ಟು ದಿನ ಎಂಬುದು ಆ ಹಾಳೆಯಲ್ಲೇ ಇರುತ್ತದೆ. ಅಷ್ಟರೊಳಗೆ ಅಸಲು ಮತ್ತು ಆ ದಿನಗಳ ಬಡ್ಡಿ ಕಟ್ಟಿ ದಂಡವಿಲ್ಲದೆ ಹೊರಬರಬಹುದು, ಮೊದಲೇ ತಿಳಿಸಿದ್ದರೆ ಸಂಸ್ಕರಣಾ ಶುಲ್ಕ ಮಾತ್ರ ಹಿಡಿಯಬಹುದು. ಆದರೆ ದುಡ್ಡು ಪಾಠದ ಕಂಪನಿಯ ಕೈಯಲ್ಲಿರುತ್ತದಲ್ಲ, ಅವರು ವಾಪಸ್ಸು ಕೊಡದೆ ನೀವು ಎಲ್ಲಿಂದ ಕಟ್ಟುತ್ತೀರಿ? ಅದಕ್ಕಾಗಿ ಹಣ ವಾಪಸಾತಿಯ ನಿಯಮವನ್ನು, ಎಷ್ಟು ದಿನದೊಳಗೆ, ಎಷ್ಟು ಕಡಿತ ಎಂಬುದನ್ನು, ಫೋನಿನ ಮಾತಿನಲ್ಲಲ್ಲ, ಇಮೇಲ್ ಅಥವಾ ಸಂದೇಶದಲ್ಲಿ ಬರೆಸಿಕೊಳ್ಳಿ. ಬರೆದು ಕೊಡಲು ಹಿಂಜರಿಯುವವರಿಂದ ಅಲ್ಲೇ ದೂರ ಸರಿಯಿರಿ. "ಇವತ್ತು ರಾತ್ರಿ ತನಕ ಮಾತ್ರ" ಎಂದವರು ನಾಳೆ ಬೆಳಗ್ಗೆಯೂ ಅದೇ ಬೆಲೆಗೆ ಫೋನ್ ಮಾಡುತ್ತಾರೆ, ನೋಡಿ ಬೇಕಾದರೆ.

ಈಗಾಗಲೇ ಸಿಕ್ಕಿಹಾಕಿಕೊಂಡವರು ಇದ್ದರೆ ಪಾಠದ ಕಂಪನಿಯ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಕನ್ನಡದಲ್ಲೂ ಮಾತಾಡಬಹುದು. ಸಾಲದ ಕಂಪನಿಯ ಮೇಲೆ ಮೊದಲು ಅವರಿಗೇ ಬರೆದು ದೂರು ಕೊಡಬೇಕು. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ಬರೆಯಬಹುದು, ಸಂದೇಹಗಳಿಗೆ 14448 ನಂಬರ್ ಇದೆ. ಎರಡಕ್ಕೂ ದಾಖಲೆ ಬೇಕು: ಜಾಹೀರಾತಿನ ಚಿತ್ರ, ಸಂದೇಶಗಳು, ಹಣ ಕಟ್ಟಿದ ರಸೀದಿ. ಆದ್ದರಿಂದ ಮಕ್ಕಳು ಮೊಬೈಲಿನಿಂದ ಏನನ್ನೂ ಅಳಿಸದಿರಲಿ.

ಮುಂದಿನ ಸಭೆಗೆ ಒಂದು ಕೆಲಸ

ನಿಮ್ಮ ಸಂಘದಲ್ಲಿ ಯಾರಾದರೂ ಇಂಥ ಕೋರ್ಸಿಗೆ ಸಾಲ ಕೇಳಿದ್ದರೆ, ಅಥವಾ ಯಾರ ಮಕ್ಕಳಾದರೂ ಸೇರಿದ್ದರೆ, ಆ ತಾಯಿ ಒಪ್ಪಿದರೆ ಅವರ ಲೆಕ್ಕವನ್ನೇ ಸಭೆಯಲ್ಲಿ ಮಾಡಿ ನೋಡಿ. ಒಟ್ಟಿಗೆ ಕಟ್ಟುವ ಬೆಲೆ ಎಷ್ಟು, ಕಂತಿನ ಬೆಲೆ ಎಷ್ಟು, ಕೆಲಸ ತಿದ್ದಿ ಕೊಡುವ ಗಂಟೆ ಎಷ್ಟು, ಪರೀಕ್ಷೆ ಎಲ್ಲಿ, ಮೂರು ಕಡೆ ಕೇಳಿದ ಸಂಬಳ ಎಷ್ಟು. ಈ ಐದು ಉತ್ತರಗಳನ್ನು ಸಾಲದ ಅರ್ಜಿಯ ಹಿಂಬದಿಯಲ್ಲಿ ಬರೆದು, ಓದಿ ಹೇಳಿದ ಮೇಲೆ ಠರಾವು ಬರೆಯಿರಿ. ಯಾವುದಾದರೂ ಉತ್ತರ ಸಿಕ್ಕಿಲ್ಲದಿದ್ದರೆ ಅರ್ಜಿಯನ್ನು ಒಂದು ವಾರ ಮುಂದಕ್ಕೆ ಹಾಕಿ. ಲೆಕ್ಕ ಗೊಂದಲವಾದರೆ ನಿಮ್ಮ ವಲಯದ ಕಾರ್ಯಕರ್ತೆಯನ್ನು ಕರೆಯಿರಿ, ಕೋರ್ಸಿನ ಕಾಗದಗಳನ್ನು ಜೊತೆಗೆ ತೆಗೆದಿಟ್ಟಿರಿ.